ಎರಡೂ ಮುಖದ ಕಸೂತಿ ಪದಕ: ವಿಡಿಯೊ ಪ್ರಾತ್ಯಕ್ಷಿಕೆಯ ಪಠ್ಯ

(ಕ್ಯಾಮೆರಾ ಮೇಜಿನ ಮೇಲಿರುವ ಪದಕದ ಮೇಲೆ ನಿಲ್ಲಬೇಕು. ಮೊದಲು ಕೈಗಳು ಮಾತ್ರ ಕಾಣಲಿ.)

ಎಲ್ಲರಿಗೂ ಶರಣು. ಧಾರವಾಡದ ನಮ್ಮ ಮನೆಯಿಂದಲೇ ಮಾತನಾಡುತ್ತಿದ್ದೇನೆ. ನನ್ನ ಕೈಯಲ್ಲಿರುವುದು ಕಸೂತಿ ಹಾಕಿದ ಕೊರಳ ಪದಕ. ಇದರ ಬಗ್ಗೆ ಏನನ್ನಾದರೂ ಹೇಳುವ ಮೊದಲು ಇದನ್ನು ತಿರುಗಿಸಿ ತೋರಿಸುತ್ತೇನೆ, ಏಕೆಂದರೆ ನನಗೆ ಸೂಜಿ ಹಿಡಿಯಲು ಕಲಿಸಿದ ನಮ್ಮ ಅಜ್ಜಿ ಕಸೂತಿಯನ್ನು ಹಿಂಬದಿ ನೋಡಿಯೇ ಒಪ್ಪುತ್ತಿದ್ದರು.

(ಪದಕವನ್ನು ನಿಧಾನವಾಗಿ ತಿರುಗಿಸಿ, ಹಿಂಬದಿಯನ್ನು ಐದು ಸೆಕೆಂಡು ಹಿಡಿಯಬೇಕು.)

ಗೋಪುರದ ಗೆರೆಗಳು ಎರಡೂ ಕಡೆ ಒಂದೇ ಆಗಿವೆ. ಕಸೂತಿಯ ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ನಾವು ಇಲ್ಲಿ ಗವಂತಿ ಮತ್ತು ಮುರಗಿಯನ್ನು ಮಾತ್ರ ಬಳಸಿದ್ದೇವೆ. ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ಚಿತ್ರ ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸುತ್ತ ಸೂಜಿ ಮುಂದೆ ಹೋಗುತ್ತದೆ, ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುತ್ತದೆ, ಹೀಗಾಗಿ ಗಂಟಿಲ್ಲದೆ ಎರಡೂ ಮುಖ ಸಮನಾಗಿ ಬರುತ್ತವೆ. ಒಂದು ಎಳೆ ತಪ್ಪಿದರೂ ಗೋಪುರದ ತುದಿ ಕೂಡುವುದಿಲ್ಲ, ಆಗ ಅಲ್ಲಿಯವರೆಗೆ ಬಿಚ್ಚಿ ಮತ್ತೆ ಹೊಲಿಯಬೇಕಾಗುತ್ತದೆ.

ಬಟ್ಟೆ ಕಪ್ಪು ಬಣ್ಣದ ಕೈಮಗ್ಗದ ಹತ್ತಿಯದು. ಕಸೂತಿಗೆ ಹೆಸರಾದ ಚಂದ್ರಕಾಳಿ ಸೀರೆಯ ಕಪ್ಪನ್ನೇ ಮನಸ್ಸಿನಲ್ಲಿಟ್ಟು ಈ ಬಣ್ಣವನ್ನು ಆರಿಸಿದೆವು. ಸುತ್ತಲಿನ ಉಂಗುರ ಹಿತ್ತಾಳೆಯದು, ಅಗಲ ನಾಲ್ಕು ಸೆಂಟಿಮೀಟರ್, ಒಟ್ಟು ತೂಕ 14 ಗ್ರಾಂ.

(ತಕ್ಕಡಿಯ ಮೇಲೆ ಇಟ್ಟು ಅಂಕಿ ತೋರಿಸಬೇಕು.)

ಮೊದಲು ನಾವು ಬಟ್ಟೆಯನ್ನು ಉಂಗುರಕ್ಕೆ ಅಂಟಿನಿಂದ ಕೂಡಿಸುತ್ತಿದ್ದೆವು. ಕಳೆದ ಮಳೆಗಾಲದಲ್ಲಿ ಅಂತಹ ನಾಲ್ಕು ಪದಕಗಳ ಅಂಚು ಬಿಟ್ಟುಕೊಂಡು ಮರಳಿ ಬಂದವು. ಕೊಂಡವರ ಹಣವನ್ನು ಹಿಂತಿರುಗಿಸಿ, ಅಂದಿನಿಂದ ಅಂಟನ್ನು ಬಿಟ್ಟು, ಬಟ್ಟೆಯ ಅಂಚನ್ನು ಉಂಗುರದ ಸುತ್ತ ದಾರದಿಂದ ಬಿಗಿದು ಹೊಲಿಯುತ್ತಿದ್ದೇವೆ. ನೋಡಿ, ಉಗುರಿನಿಂದ ಎಳೆದರೂ ಅಂಚು ಏಳುವುದಿಲ್ಲ.

(ಅಂಚನ್ನು ಹತ್ತಿರದಿಂದ ತೋರಿಸಬೇಕು. ನಂತರ ಪದಕವನ್ನು ಕೊರಳಿಗೆ ಹಾಕಿಕೊಂಡು ಮುಖ ಕಾಣುವಂತೆ ಕುಳಿತುಕೊಳ್ಳಬೇಕು.)

ಇಳಕಲ್ ಸೀರೆಯ ಟೋಪ ತೆನಿ ಸೆರಗಿನ ಕೆಂಪಿಗೂ, ಕಚೇರಿಗೆ ಉಡುವ ಸಾದಾ ಹತ್ತಿ ಸೀರೆಗೂ, ಕುರ್ತಾಕ್ಕೂ ಇದು ಒಪ್ಪುತ್ತದೆ. ಹೊರಳಿದರೂ ಒಳಮೈ ಕಾಣುವ ಭಯವಿಲ್ಲ, ಎರಡೂ ಮೇಲ್ಮೈಗಳೇ. ಹಗುರವಾದ್ದರಿಂದ ಇಡೀ ದಿನ ಹಾಕಿಕೊಂಡರೂ ಕೊರಳು ಭಾರವೆನಿಸುವುದಿಲ್ಲ. ಜೊತೆಯ ಓಲೆಗಳು ಒಂದೊಂದೂ ಐದು ಗ್ರಾಂ ತೂಗುತ್ತವೆ. ಕಿವಿಗೆ ಹೋಗುವ ಕೊಂಡಿಯನ್ನು ಮಾತ್ರ 92.5 ಶುದ್ಧತೆಯ ಬೆಳ್ಳಿಯಲ್ಲಿ ಮಾಡಿಸಿದ್ದೇವೆ, ಏಕೆಂದರೆ ಜರ್ಮನ್ ಸಿಲ್ವರ್ ಎಂಬ ಹೆಸರಿನ ಲೋಹದಲ್ಲಿ ಬೆಳ್ಳಿಯೇ ಇರುವುದಿಲ್ಲ, ಅದರಲ್ಲಿರುವ ನಿಕ್ಕಲ್ ಹಲವರ ಕಿವಿಗೆ ತುರಿಕೆ ತರುತ್ತದೆ.

ಇದನ್ನು ನೀರಿಗೆ ಹಾಕಬಾರದು, ಅತ್ತರನ್ನು ನೇರವಾಗಿ ಸಿಂಪಡಿಸಬಾರದು. ಬೆವರಿನಿಂದ ಹಿತ್ತಾಳೆ ಮಂಕಾಗುವುದು ಸಹಜ. ಒಣ ಮೆತ್ತನೆಯ ಬಟ್ಟೆಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಪಾತ್ರೆ ತೊಳೆದಂತೆ ಹುಣಸೆಹಣ್ಣು ಹಚ್ಚಿದರೆ ಬಟ್ಟೆಗೆ ಕಲೆ ಬೀಳುತ್ತದೆ, ದಯವಿಟ್ಟು ಹಚ್ಚಬೇಡಿರಿ.

ಈಗ ಬೆಲೆಯ ಮಾತು. ಪದಕಕ್ಕೆ 850 ರೂಪಾಯಿ, ಓಲೆಗಳ ಜೋಡಿಗೆ 480 ರೂಪಾಯಿ, ಎರಡನ್ನೂ ಒಟ್ಟಿಗೆ ಕೊಂಡರೆ 1,250 ರೂಪಾಯಿ. ಯಂತ್ರದಲ್ಲಿ ಹಾಕಿದ ಇಂಥದೇ ಚಿತ್ರದ ಪದಕ ಇದಕ್ಕಿಂತ ಬಹಳ ಕಡಿಮೆಗೆ ಸಿಗುತ್ತದೆ ಎಂಬುದು ನನಗೆ ಗೊತ್ತು. ಆದರೆ ಒಂದು ಪದಕದ ಕಸೂತಿಗೆ ಹನ್ನೊಂದು ಗಂಟೆಯಷ್ಟು ಕೆಲಸ ಹಿಡಿಯುತ್ತದೆ, 850ರಲ್ಲಿ 450 ರೂಪಾಯಿ ಹೊಲಿದ ಹೆಣ್ಣುಮಗಳ ಕೈಗೇ ಹೋಗುತ್ತದೆ. ಆ ಕೂಲಿಯನ್ನು ಕಡಿಮೆ ಮಾಡಿ ಬೆಲೆ ಇಳಿಸಲು ನನಗೆ ಮನಸ್ಸಿಲ್ಲ, ಆದ್ದರಿಂದ ಚೌಕಾಸಿಗೆ ಅವಕಾಶವಿಲ್ಲವೆಂದು ವಿನಯದಿಂದ ಹೇಳುತ್ತೇನೆ.

(ಡಬ್ಬಿ ತೆರೆದು, ಹತ್ತಿಯ ಮೇಲೆ ಪದಕವಿಟ್ಟು ಮುಚ್ಚುವುದನ್ನು ತೋರಿಸಬೇಕು.)

ಹುಬ್ಬಳ್ಳಿ-ಧಾರವಾಡದವರಿಗೆ ಎರಡು ದಿನಗಳಲ್ಲಿ ಮನೆಗೆ ಉಚಿತವಾಗಿ ತಲುಪಿಸುತ್ತೇವೆ, ಹಣವನ್ನು ಕೈಗೆ ಕೊಟ್ಟರೂ ಸರಿ. ಉಳಿದ ಊರುಗಳಿಗೆ ಸ್ಪೀಡ್ ಪೋಸ್ಟ್ ಮೂಲಕ ಕಳಿಸುತ್ತೇವೆ. ಅದಕ್ಕೆ 60 ರೂಪಾಯಿ ಬೇರೆ, ಹಣವನ್ನು ಯುಪಿಐ ಮೂಲಕ ಮೊದಲೇ ಪಾವತಿಸಬೇಕು, ಗದಗ, ಹಾವೇರಿಯಿಂದ ಬೆಂಗಳೂರಿನವರೆಗೆ ನಾಲ್ಕೈದು ದಿನ ಹಿಡಿಯಬಹುದು. ಡಬ್ಬಿ ಬಿಚ್ಚುವಾಗ ಮೊಬೈಲಿನಲ್ಲಿ ಒಂದು ವಿಡಿಯೊ ಮಾಡಿಟ್ಟುಕೊಳ್ಳಿರಿ. ದಾರ ಕಿತ್ತಿದ್ದರೆ ಅಥವಾ ಉಂಗುರ ಬಗ್ಗಿದ್ದರೆ ಏಳು ದಿನಗಳೊಳಗೆ ತಿಳಿಸಿದರೆ ಹೊಸದನ್ನು ಕಳಿಸುತ್ತೇವೆ, ಅಂಚೆಯ ವೆಚ್ಚ ಎರಡೂ ಕಡೆ ನಮ್ಮದೇ.

ಬೇರೆ ಬಣ್ಣದ ದಾರ ಬೇಕೆಂದರೆ, ಅಥವಾ ಗೋಪುರದ ಬದಲು ತುಳಸಿ ಕಟ್ಟೆ ಬೇಕೆಂದರೆ ಹತ್ತು ದಿನ ಕಾಲಾವಕಾಶ ಕೊಡಬೇಕು. ಪಂಚಮಿಗೆ ತವರಿಗೆ ಬರುವ ಅಕ್ಕ-ತಂಗಿಯರಿಗೆ ಉಡುಗೊರೆ ಕೊಡಬೇಕೆನ್ನುವವರು ಹಬ್ಬಕ್ಕೆ ಹದಿನೈದು ದಿನ ಮುಂಚೆಯೇ ತಿಳಿಸಿರಿ, ಬಣ್ಣವನ್ನೂ ಅವರ ಸೀರೆಗೆ ಹೊಂದುವಂತೆ ಹಾಕಿಕೊಡುತ್ತೇವೆ.

(ಪರದೆಯ ಮೇಲೆ ಬೆಲೆಗಳ ಪಟ್ಟಿ ಹತ್ತು ಸೆಕೆಂಡು ಇರಲಿ.)