ಭಾನುವಾರದ ಹಬ್ಬ: ಯಾರಿಗೆ ಯಾವ ಕೆಲಸ, ಎಷ್ಟು ಗಂಟೆಗೆ ಬರಬೇಕು

ಆತ್ಮೀಯರೇ,

ಇದೇ 18ನೇ ತಾರೀಕು ಭಾನುವಾರ ನಮ್ಮ ಬಡಾವಣೆಯ ಹಬ್ಬ. ಮೈದಾನದ ಗೇಟು ಬೆಳಿಗ್ಗೆ 10ಕ್ಕೆ ತೆರೆಯುತ್ತದೆ. ವೇದಿಕೆ ಕಾರ್ಯಕ್ರಮ 11ಕ್ಕೆ ಶುರು, ಊಟ ಮಧ್ಯಾಹ್ನ 1ಕ್ಕೆ, ಸಂಜೆ 6ಕ್ಕೆ ಮುಕ್ತಾಯ. ನನ್ನನ್ನು ಬಿಟ್ಟು 31 ಜನ ಕೆಲಸಕ್ಕೆ ನಿಂತಿದ್ದೀರಿ. ಕೆಳಗೆ ಪ್ರತಿಯೊಬ್ಬರ ಹೆಸರೂ ಇದೆ, ಒಮ್ಮೆ ಪೂರ್ತಿ ಓದಿ. ನಿಮ್ಮ ಹೆಸರಷ್ಟೇ ಹುಡುಕಿ ಬಿಟ್ಟುಬಿಡಬೇಡಿ, ಪಕ್ಕದ ಕೆಲಸ ಯಾರದು ಅಂತಲೂ ಗೊತ್ತಿರಲಿ.

ಮೊದಲು ಒಂದು ಮಾತು. ಕಳೆದ ವರ್ಷ ಗೇಟಿನ ಹತ್ತಿರ ನಾಲ್ಕು ಜನ ಇದ್ದೆವು. ಆದರೂ ಒಬ್ಬ ಪುಟ್ಟ ಹುಡುಗ ಯಾರ ಕಣ್ಣಿಗೂ ಬೀಳದೆ ಹೊರಗೆ ನಡೆದುಹೋದ. ಒಬ್ಬೊಬ್ಬರೂ ಇನ್ನೊಬ್ಬರು ನೋಡಿಕೊಳ್ಳುತ್ತಿದ್ದಾರೆ ಅಂದುಕೊಂಡಿದ್ದೆವು. ಅವನು ಸಿಕ್ಕಿದ್ದು ಇಪ್ಪತ್ತು ನಿಮಿಷದ ಮೇಲೆ, ರಸ್ತೆ ತಿರುವಿನಲ್ಲಿ. ಅವನ ತಾಯಿ ಅವನ ಅಂಗಿಯ ಕಾಲರ್ ಹಿಡಿದುಕೊಂಡೇ ಕುಸಿದು ಕೂತಿದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ. ಅದಕ್ಕೇ ಈ ಸಲ ಪ್ರತಿ ಕೆಲಸಕ್ಕೂ ಒಬ್ಬರೇ ಹೊಣೆ. ಅವರ ಹೆಸರಿನ ಮುಂದೆ "ಹೊಣೆ" ಅಂತ ಬರೆದಿದ್ದೇನೆ. ಇನ್ನೊಂದು ನಿಯಮ: ನಿಮ್ಮ ಜಾಗಕ್ಕೆ ಬರಬೇಕಾದವರು ಬಂದು, ನೀವು ಬಾಯಿಬಿಟ್ಟು "ಇನ್ನು ನಿಮ್ಮದು" ಅಂತ ಹೇಳುವ ತನಕ ಜಾಗ ಬಿಡಬಾರದು. ಬಾಯಾರಿದರೂ, ಕಾಲು ನೋವಾದರೂ ಹೊಣೆಯವರಿಗೆ ಹೇಳಿ. ಅವರು ಬಂದು ನಿಲ್ಲುತ್ತಾರೆ.

ಇಲ್ಲಿ ಕೊಟ್ಟಿರುವುದು ನೀವು ಮೈದಾನದಲ್ಲಿ ಇರಬೇಕಾದ ಸಮಯ, ಮನೆ ಬಿಡುವ ಸಮಯವಲ್ಲ. ಬಂದ ಕೂಡಲೇ ಗೇಟಿನ ಬಲಗಡೆಯ ಹಳದಿ ಮೇಜಿಗೆ ಬನ್ನಿ, ನಾನು ಬೆಳಿಗ್ಗೆ 6.15ರಿಂದ ಅಲ್ಲೇ ಇರುತ್ತೇನೆ. ಹೆಸರಿಗೆ ಟಿಕ್ ಹಾಕಿಸಿಕೊಂಡು, ಹಸಿರು ಪಟ್ಟಿ ಕೈಗೆ ಕಟ್ಟಿಕೊಂಡು ಹೋಗಿ. ಸಹಾಯ ಬೇಕಾದ ಜನ ಆ ಪಟ್ಟಿ ನೋಡಿ ನಿಮ್ಮನ್ನು ಗುರುತಿಸುತ್ತಾರೆ.

ಮೈದಾನ ಸಿದ್ಧತೆ, ಬೆಳಿಗ್ಗೆ 6.30
ರಘು (ಹೊಣೆ), ಮಂಜು, ಇಮ್ರಾನ್, ಕಿರಣ್. ಕುರ್ಚಿ, ಶಾಮಿಯಾನ, ಕಸದ ಡಬ್ಬಿ. ಕುರ್ಚಿ ಸಾಲುಗಳ ನಡುವೆ ಗಾಲಿಕುರ್ಚಿ ಸಲೀಸಾಗಿ ಹೋಗುವಷ್ಟು ದಾರಿ ಬಿಡಿ. ಮುಂದಿನ ಸಾಲಿನ ಎಡಗಡೆ ಆರು ಕುರ್ಚಿ ವಯಸ್ಸಾದವರಿಗೆ ಮೀಸಲು. 9.30ಕ್ಕೆ ನಿಮ್ಮ ಕೆಲಸ ಮುಗಿಯಿತು, ಆಮೇಲೆ ಮನೆಯವರ ಜೊತೆ ಹಬ್ಬ ನೋಡಿ. ಸಂಜೆ ಸ್ವಚ್ಛತೆಗೆ ನಿಮ್ಮನ್ನು ಮತ್ತೆ ಕರೆಯುವುದಿಲ್ಲ.

ವಿದ್ಯುತ್ ಮತ್ತು ಮೈಕ್, ಬೆಳಿಗ್ಗೆ 7.00
ಜೋಸೆಫಣ್ಣ (ಹೊಣೆ), ಸಂದೀಪ್. ಜನ ಓಡಾಡುವ ಕಡೆ ಕೇಬಲ್ ಹಾಯುವುದಾದರೆ ಮೇಲೆ ಮ್ಯಾಟ್ ಹಾಸಿ ಅಂಚುಗಳನ್ನು ಟೇಪ್ ಮಾಡಿ. ಜನರೇಟರ್ ಶಾಮಿಯಾನದಿಂದ ದೂರವಿರಲಿ, ಅದರ ಹೊಗೆ ಜನರ ಕಡೆ ಬರಬಾರದು. ವಿದ್ಯುತ್ತಿನಿಂದ ಬೆಂಕಿ ಹತ್ತಿದರೆ ನೀರು ಸುರಿಯಲೇಬಾರದು. ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಆಮೇಲೆ ಬೆಂಕಿ ನಂದಿಸುವ ಸಿಲಿಂಡರ್. ಅದು ವೇದಿಕೆಯ ಹಿಂದಿನ ಕೆಂಪು ಕಂಬದ ಬುಡದಲ್ಲಿ ಇರುತ್ತದೆ.

ವಾಹನ ನಿಲುಗಡೆ, ಬೆಳಿಗ್ಗೆ 8.45
ಶಿವು (ಹೊಣೆ), ನವೀನ್, ಪ್ರಕಾಶಣ್ಣ. ಹಿಂದಿನ ಗೇಟಿನ ದಾರಿ ಆಂಬುಲೆನ್ಸಿಗೆ. ಅಲ್ಲಿ ಎರಡು ನಿಮಿಷಕ್ಕೆ ಅಂತ ಒಂದು ಸ್ಕೂಟರ್ ಕೂಡ ನಿಲ್ಲಿಸಬಾರದು, ನಿಲ್ಲಿಸುವವರು ನಾವೇ ಆಗಿದ್ದರೂ ಅಷ್ಟೇ.

ಗೇಟು ಮತ್ತು ನೋಂದಣಿ
ಹೊಣೆ ಸುಮಾ ಅವರದು. ಮೊದಲ ಪಾಳಿ ಸುಮಾ ಮತ್ತು ಅನಿತಾ, ಬೆಳಿಗ್ಗೆ 9.00ರಿಂದ ಮಧ್ಯಾಹ್ನ 1.00. ಎರಡನೇ ಪಾಳಿ ರೂಪಾ ಮತ್ತು ಹರೀಶ್. ನೀವು 12.45ಕ್ಕೇ ಬನ್ನಿ. ಆ ಹದಿನೈದು ನಿಮಿಷ ನಾಲ್ವರೂ ಒಟ್ಟಿಗೆ ಇರಬೇಕು. ಊಟಕ್ಕೆ ಜನ ನುಗ್ಗುವ ಹೊತ್ತು ಅದೇ, ಮಗು ತಪ್ಪಿಸಿಕೊಂಡದ್ದೂ ಹೀಗೆ ಪಾಳಿ ಬದಲಾಗುವಾಗಲೇ. ಒಬ್ಬರು ಹೆಸರು ಬರೆಯುವಾಗ ಇನ್ನೊಬ್ಬರ ಕಣ್ಣು ಹೊರಗೆ ಹೋಗುವವರ ಮೇಲಿರಲಿ. ಹತ್ತು ವರ್ಷದ ಒಳಗಿನ ಪ್ರತಿ ಮಗುವಿಗೂ ಕೈಪಟ್ಟಿ ಕಟ್ಟಿ. ಒಂದು ನಂಬರಿನ ಎರಡು ಪಟ್ಟಿ ಇವೆ, ಒಂದು ಮಗುವಿಗೆ, ಇನ್ನೊಂದು ಜೊತೆಗೆ ಬಂದ ದೊಡ್ಡವರಿಗೆ. ಪಟ್ಟಿಯ ಒಳಬದಿಯಲ್ಲಿ ಫೋನ್ ನಂಬರ್ ಬರೆಸಿ. ಹೊರಗೆ ಕಾಣುವಂತೆ ಮಗುವಿನ ಹೆಸರು ಬರೆಯಬೇಡಿ, ಹೆಸರು ಹಿಡಿದು ಕರೆದವರ ಹಿಂದೆ ಮಕ್ಕಳು ಸುಲಭವಾಗಿ ಹೋಗಿಬಿಡುತ್ತಾರೆ.

ಮಕ್ಕಳ ಆಟ, ಬೆಳಿಗ್ಗೆ 9.15
ಶೈಲಜಾ ಮೇಡಂ (ಹೊಣೆ), ದಿವ್ಯಾ, ಫಾತಿಮಾ, ಅರ್ಜುನ್. ಆಟಗಳನ್ನು ಮೇಡಂ ತೀರ್ಮಾನಿಸಿದ್ದಾರೆ, ನಾನು ಅದರಲ್ಲಿ ಕೈಹಾಕುವುದಿಲ್ಲ. ಮಗು ಕಳೆದುಹೋದರೆ ಅಥವಾ ಸಿಕ್ಕರೆ ಮಾಡಬೇಕಾದ್ದನ್ನು ಮಾತ್ರ ಎಲ್ಲರೂ, ಬೇರೆ ತಂಡದವರೂ, ನೆನಪಿಡಿ. ಮಗು ಕಾಣುತ್ತಿಲ್ಲ ಅಂತ ಯಾರಾದರೂ ಹೇಳಿದ ತಕ್ಷಣ ಸುಮಾ ಅವರಿಗೋ ರೂಪಾ ಅವರಿಗೋ ಫೋನ್ ಮಾಡಿ, ಹುಡುಕಾಟ ಅದರ ನಂತರ. ಅವರು ಎರಡೂ ಗೇಟುಗಳಲ್ಲಿ ಜನರನ್ನು ನಿಲ್ಲಿಸುತ್ತಾರೆ. ಮಗು ಸಿಕ್ಕರೆ ಹಳದಿ ಮೇಜಿಗೆ ಕರೆತನ್ನಿ. ಮೈಕಿನಲ್ಲಿ "ಒಂದು ಮಗು ನಮ್ಮ ಬಳಿ ಇದೆ" ಅಂತಷ್ಟೇ ಹೇಳಬೇಕು. ಹೆಸರು, ಬಟ್ಟೆಯ ಬಣ್ಣ ಹೇಳುವುದು ಬೇಡ, ಅದನ್ನು ಕೇಳಲು ಬಂದವರೇ ಹೇಳಲಿ. ಪಟ್ಟಿಯ ನಂಬರ್ ಹೊಂದಿದರೆ ಮಾತ್ರ ಮಗುವನ್ನು ಕಳಿಸಿ. ಪರಿಚಯದವರೇ ಆದರೂ ನಂಬರ್ ನೋಡಿ, ಬೇಸರ ಮಾಡಿಕೊಂಡರೆ ನನ್ನ ಹತ್ತಿರ ಕಳಿಸಿ, ನಾನು ಮಾತಾಡುತ್ತೇನೆ.

ಪ್ರಥಮ ಚಿಕಿತ್ಸೆ, ಬೆಳಿಗ್ಗೆ 9.30
ಮೇರಿಯಕ್ಕ (ಹೊಣೆ), ತೇಜಸ್. ನೆರಳಿನಲ್ಲಿ ಒಂದು ಮಂಚ, ನೀರು, ಪೆಟ್ಟಿಗೆ. ತಲೆ ಸುತ್ತಿ ಬಿದ್ದವರ ಸುತ್ತ ಗುಂಪು ಸೇರದಂತೆ ತೇಜಸ್ ನೋಡಿಕೊಳ್ಳುತ್ತಾರೆ. ಯಾರಿಗಾದರೂ ಎದೆನೋವು, ಉಸಿರಾಟದ ತೊಂದರೆ ಅಂತ ಕಂಡರೆ ಮೊದಲು 112ಕ್ಕೆ ಫೋನ್, ಆಮೇಲೆ ನನಗೆ.

ವೇದಿಕೆ, ಬೆಳಿಗ್ಗೆ 10.00
ವಿದ್ಯಾ (ಹೊಣೆ), ಚೇತನ್. ಮುಂದಿನ ತಂಡ ಹತ್ತು ನಿಮಿಷ ಮೊದಲೇ ವೇದಿಕೆಯ ಪಕ್ಕ ಬಂದಿರಬೇಕು. ಭಾಷಣಕ್ಕೆ ಐದೇ ನಿಮಿಷ, ಯಾರಿಗೂ ವಿನಾಯಿತಿ ಇಲ್ಲ. ಮಕ್ಕಳು ಬಣ್ಣ ಹಚ್ಚಿಕೊಂಡು ಕಾಯುತ್ತಿರುತ್ತಾರೆ.

ಊಟ, ಬೆಳಿಗ್ಗೆ 11.30
ಗಿರಿಜಕ್ಕ (ಹೊಣೆ), ಲೋಕೇಶ್, ಸವಿತಾ, ನಂದಿನಿ, ಯೂಸುಫ್, ಪವನ್. ಕೈ ಸೋಪು ಹಾಕಿ ತೊಳೆದೇ ಬಡಿಸಲು ನಿಲ್ಲಿ. ಬಿಸಿ ಅಡುಗೆ ಬಿಸಿಯಾಗಿಯೇ ಇರಲಿ, ಎರಡು ಗಂಟೆಗಿಂತ ಹೆಚ್ಚು ಹೊರಗೆ ತಣ್ಣಗಾಗಿ ಕೂತದ್ದನ್ನು ಯಾರಿಗೂ ಕೊಡಬೇಡಿ. ಗೇಟು, ನಿಲುಗಡೆ ಮತ್ತು ಚಿಕಿತ್ಸೆಯ ಮೇಜಿನಲ್ಲಿ ಇರುವವರಿಗೆ 12.30ಕ್ಕೆ ಊಟ ಅವರಿದ್ದಲ್ಲಿಗೇ ಹೋಗಬೇಕು. ಅದು ಪವನ್ ಅವರ ಕೆಲಸ. ಹೋದ ವರ್ಷ ಗೇಟಿನಲ್ಲಿ ನಿಂತವರು ಸಂಜೆ 4ಕ್ಕೆ ಊಟ ಮಾಡಿದ್ದರು, ಈ ಸಲ ಹಾಗಾಗಲು ನಾನು ಬಿಡುವುದಿಲ್ಲ.

ಸ್ವಚ್ಛತೆ, ಸಂಜೆ 5.30
ಮಹೇಶ್ (ಹೊಣೆ), ರಮ್ಯಾ, ಸುರೇಶಣ್ಣ, ಭವ್ಯಾ. ಹಸಿ ಕಸ, ಒಣ ಕಸ ಬೇರೆ ಬೇರೆ. ಕೈಗವಸು ನನ್ನ ಮೇಜಿನಲ್ಲಿದೆ.

ಶನಿವಾರ ಸಂಜೆ 5ಕ್ಕೆ ಹೊಣೆ ಹೊತ್ತ ಒಂಬತ್ತೂ ಜನ ಮೈದಾನದಲ್ಲಿ ಅರ್ಧ ಗಂಟೆ ಸೇರೋಣ. ಎರಡೂ ಗೇಟು, ಮೇನ್ ಸ್ವಿಚ್, ಸಿಲಿಂಡರ್ ಎಲ್ಲಿವೆ ಅಂತ ನಡೆದೇ ನೋಡೋಣ.

ಇದನ್ನು ಓದಿದವರು ಗ್ರೂಪಿನಲ್ಲಿ ನಿಮ್ಮ ಹೆಸರು, ಕೆಲಸ, ಬರುವ ಸಮಯ ಮೂರನ್ನೂ ಬರೆದು ಕಳಿಸಿ. ಬರೀ "ಓಕೆ" ಸಾಲದು, ಸಮಯ ತಪ್ಪಾಗಿ ಓದಿದ್ದರೆ ಈಗಲೇ ಗೊತ್ತಾಗಲಿ. ಕೊಟ್ಟ ಕೆಲಸ ಕಷ್ಟ ಅನಿಸಿದರೆ, ಬರಲು ಆಗದಿದ್ದರೆ, ಸಂಕೋಚ ಬಿಟ್ಟು ಶುಕ್ರವಾರ ರಾತ್ರಿ 9ರ ಒಳಗೆ ನನಗೆ ಫೋನ್ ಮಾಡಿ. ಕಾರಣ ಕೇಳುವುದಿಲ್ಲ, ಬೇರೆಯವರನ್ನು ಹುಡುಕಲು ನನಗೆ ಒಂದು ದಿನ ಸಿಕ್ಕರೆ ಸಾಕು.

ಗೀತಾ
ಸ್ವಯಂಸೇವಕರ ಸಂಚಾಲಕಿ