ಗ್ರಾಮಸಭೆಗೆ ಬನ್ನಿ: ವರ್ಷಕ್ಕೆ 20 ರೂಪಾಯಿ ಮತ್ತು 436 ರೂಪಾಯಿಯ ಎರಡು ವಿಮೆ

ಹೊಸಹಳ್ಳಿಯ ಎಲ್ಲ ಮನೆಯವರಿಗೂ ನಮಸ್ಕಾರ.

ಜೂನ್ 6, ಶನಿವಾರ ಸಂಜೆ 6:30ಕ್ಕೆ ಸರ್ಕಾರಿ ಶಾಲೆಯ ಅಂಗಳದಲ್ಲಿ ಸಭೆ. ಬಿತ್ತನೆ ಕೆಲಸ ಕೆಡಬಾರದು ಅಂತಲೇ ಸಂಜೆಗೆ ಇಟ್ಟಿದ್ದೇವೆ. ಬ್ಯಾಂಕಿನವರು ಫಾರಂ ಹಿಡಿದುಕೊಂಡು ಬರುತ್ತಾರೆ. ಈ ಎರಡು ವಿಮೆಗಳ ಬಗ್ಗೆ ಬಹಳ ವಿಷಯ ಇದೆ, ನಮ್ಮೂರಿಗೆ ಬೇಕಾದ್ದು ಇಷ್ಟು:

ಸುರಕ್ಷಾ ಬಿಮಾ: ವರ್ಷಕ್ಕೆ 20 ರೂಪಾಯಿ
18ರಿಂದ 70 ವರ್ಷದವರಿಗೆ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ. ಎರಡೂ ಕಣ್ಣು, ಎರಡೂ ಕೈ ಅಥವಾ ಎರಡೂ ಕಾಲು ಪೂರ್ತಿ ಹೋದರೂ 2 ಲಕ್ಷ. ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಹೋದರೆ 1 ಲಕ್ಷ.

ಹಾವು ಕಚ್ಚಿದ್ದು, ಮರದಿಂದ ಬಿದ್ದದ್ದು ಕೂಡ ಇದರಲ್ಲಿ ಸೇರುತ್ತದೆ. ಆದರೆ ಆಸ್ಪತ್ರೆಯ ದಾಖಲೆ ಇರಲೇಬೇಕು. ಹಾವು ಕಚ್ಚಿದರೆ ದಯವಿಟ್ಟು ಮಂತ್ರ, ನಾಟಿ ಔಷಧಿ ಅಂತ ಹೊತ್ತು ಕಳೆಯಬೇಡಿ. ನೇರ ಸರ್ಕಾರಿ ಆಸ್ಪತ್ರೆಗೆ ಹೋಗಿ. ಮೊದಲು ಜೀವ ಉಳಿಯಲಿ. ಚೀಟಿಗಳನ್ನು ಮಾತ್ರ ಎಸೆಯದೆ ಜೋಪಾನವಾಗಿ ಇಡಿ. ರಸ್ತೆ ಅಪಘಾತವಾದರೆ ಪೊಲೀಸರಿಗೆ ದೂರು ಕೊಡಲೇಬೇಕು.

ಜೀವನ ಜ್ಯೋತಿ ಬಿಮಾ: ವರ್ಷಕ್ಕೆ 436 ರೂಪಾಯಿ
18ರಿಂದ 50 ವರ್ಷದೊಳಗೆ ಸೇರಬೇಕು. ಕಾಯಿಲೆಯಿಂದ ತೀರಿಕೊಂಡರೂ ಮನೆಯವರಿಗೆ 2 ಲಕ್ಷ. ಹೊಸದಾಗಿ ಸೇರಿದವರಿಗೆ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ ಹಣ ಸಿಗುತ್ತದೆ. ಹಾಗಾಗಿ ಮುಂದೂಡಬೇಡಿ.

ಇವೆರಡೂ ಉಳಿತಾಯ ಯೋಜನೆ ಅಲ್ಲ. ಕಟ್ಟಿದ ಹಣ ವಾಪಸ್ ಬರುವುದಿಲ್ಲ. ಇದನ್ನು ತಿಳಿದುಕೊಂಡೇ ಸೇರಿ.

ಈಗಾಗಲೇ ಸೇರಿದ್ದೀರಾ?
ಪಾಸ್‌ಬುಕ್ ಎಂಟ್ರಿ ಹಾಕಿಸಿ ನೋಡಿ. ವಿಮೆಯ ವರ್ಷ ಜೂನ್ 1ರಿಂದ ಮೇ 31ರವರೆಗೆ. ಮೇ ಕೊನೆಯ ವಾರ ಖಾತೆಯಲ್ಲಿ ದುಡ್ಡು ಇಲ್ಲದಿದ್ದರೆ ಹಣ ಕಟ್ ಆಗಿರುವುದಿಲ್ಲ, ವಿಮೆಯೂ ನಿಂತಿರುತ್ತದೆ. ಅಂಥವರು ಸಭೆಯಲ್ಲೇ ಮತ್ತೆ ಫಾರಂ ಕೊಡಬಹುದು. ಎರಡು ಬ್ಯಾಂಕಿನಲ್ಲಿ ಖಾತೆ ಇದ್ದರೂ ಒಂದೇ ಕಡೆ ಸೇರಿ. ಎರಡು ಸಲ ಕಟ್ಟಿದರೆ ಎರಡು ಪಟ್ಟು ಸಿಗಲ್ಲ.

ತರಬೇಕಾದ್ದು: ಆಧಾರ್, ಪಾಸ್‌ಬುಕ್, ಮೊಬೈಲ್. ನಾಮಿನಿ ಯಾರು ಅಂತ ಮನೆಯಲ್ಲೇ ಮಾತಾಡಿಕೊಂಡು ಬನ್ನಿ. ನಾಮಿನಿ ಮಾಡಿದವರಿಗೆ ವಿಮೆಯ ವಿಷಯ ಹೇಳಿಡಿ. ಅವರಿಗೆ ಗೊತ್ತೇ ಇಲ್ಲದಿದ್ದರೆ ಬ್ಯಾಂಕಿಗೆ ಹೋಗಿ ಕೇಳುವವರು ಯಾರು, ಅಲ್ವಾ? ಅನಾಹುತವಾದರೆ 30 ದಿನದೊಳಗೆ ಬ್ಯಾಂಕಿಗೆ ಅರ್ಜಿ ಕೊಡಬೇಕು.

ಫಾರಂ ತುಂಬಲು ಯಾರಿಗೂ ದುಡ್ಡು ಕೊಡಬೇಡಿ. ಬರೆಯಲು ಬಾರದವರಿಗೆ ನಾವೇ ತುಂಬಿಕೊಡುತ್ತೇವೆ. ಓಟಿಪಿ ಕೇಳಿ ಯಾರಾದರೂ ಫೋನ್ ಮಾಡಿದರೆ ಹೇಳಬೇಡಿ.

ಹೆಂಗಸರು ತಪ್ಪದೆ ಬನ್ನಿ. ಗೃಹಲಕ್ಷ್ಮಿ ಹಣ ಬರುವ ಖಾತೆಯಿಂದಲೂ ಸೇರಬಹುದು. ನಡೆಯಲಾಗದ ಹಿರಿಯರಿದ್ದರೆ ಮೊದಲೇ ತಿಳಿಸಿ, ಭಾನುವಾರ ಬೆಳಿಗ್ಗೆ ಮನೆಗೇ ಬರುತ್ತೇವೆ.

ಗ್ರಂಥಾಲಯ ಮೇಲ್ವಿಚಾರಕರು
ಗ್ರಾಮ ಪಂಚಾಯಿತಿ, ಹೊಸಹಳ್ಳಿ