ಹಾಜರಾತಿ ಪಟ್ಟಿ: ಬಿಎಸ್ಸಿ ಮೂರನೇ ಸೆಮಿಸ್ಟರ್, ಗಣಿತ (31-10-2025ರವರೆಗೆ)

ಒಟ್ಟು ವಿದ್ಯಾರ್ಥಿಗಳು 42. ಇಲ್ಲಿಯವರೆಗೆ ನಡೆದ ಕ್ಲಾಸ್ 67. ಬಾಕಿ ಇರುವುದು 14, ಕೊನೆಯದು 20-11-2025ಕ್ಕೆ. ಪರೀಕ್ಷೆಗೆ ಕೂರಲು 75% ಬೇಕು. 65%ಕ್ಕಿಂತ ಕಡಿಮೆಯಾಗದೆ 75% ಮುಟ್ಟದವರು ದಾಖಲೆ ಕೊಟ್ಟರೆ ಕೊರತೆ ಮನ್ನಾಕ್ಕೆ, ಅಂದರೆ ಕಂಡೋನೇಷನ್‌ಗೆ, ಅರ್ಜಿ ಹಾಕಬಹುದು.

ಗುರುತು: ಹಾ = ಹಾಜರ್, ಗೈ = ಗೈರು, ಓ = ಓಡಿ (ಕಾಲೇಜಿನ ಪರವಾಗಿ ಹೋಗಿದ್ದು, ಹಾಜರ್ ಲೆಕ್ಕ). ಗೈರಾದವರ ಚೌಕವನ್ನು ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ಅವರ ಒಟ್ಟು ಕ್ಲಾಸ್ ಕಡಿಮೆಯಾಗಿ ಶೇಕಡಾವಾರು ಸುಮ್ನೆ ಏರುತ್ತದೆ. ತಡವಾಗಿ ಸೇರಿದವರಿಗೆ ಮಾತ್ರ, ಸೇರುವ ಮೊದಲಿನ ದಿನಗಳು ಖಾಲಿ. ರಜೆಯ ದಿನಕ್ಕೆ ಕಾಲಂ ಇಲ್ಲ.

ಕಳೆದ ವಾರದ ಕೆಲವು ಸಾಲು:

| ಕ್ರ.ಸಂ. | 27 | 28 | 29 | 30 | 31 |
|---|---|---|---|---|---|
| 5 | ಹಾ | ಓ | ಓ | ಹಾ | ಹಾ |
| 7 | ಹಾ | ಗೈ | ಹಾ | ಹಾ | ಹಾ |
| 12 | ಗೈ | ಹಾ | ಹಾ | ಹಾ | ಹಾ |
| 23 | ಗೈ | ಗೈ | ಗೈ | ಹಾ | ಹಾ |
| 31 | ಗೈ | ಗೈ | ಗೈ | ಗೈ | ಗೈ |

ದಿನದ ಗುರುತು D ಯಿಂದ BR ವರೆಗೆ, 5ನೇ ಸಾಲಿನಿಂದ. ಬಾಕಿ ಕ್ಲಾಸ್ B2 ನಲ್ಲಿದೆ. ಹೊಸ ದಿನದ ಕಾಲಂ ಅನ್ನು BR ಗೆ ಮೊದಲೇ ಸೇರಿಸಿ. ಆಗ ಸೂತ್ರ ತಾನೇ ಹಿಗ್ಗುತ್ತದೆ. B2 ನಲ್ಲಿ ಒಂದು ಕಳೆಯುವುದು ಮರೆಯಬೇಡಿ.

```
BS5: =COUNTIF(D5:BR5,"ಹಾ")+COUNTIF(D5:BR5,"ಓ")
BT5: =COUNTA(D5:BR5)
BU5: =BS5/BT5
BV5: =ROUNDUP(0.75*(BT5+$B$2),0)-BS5
BW5: =IF(BU5>=0.75,"ಸರಿ",
  IF((BS5+$B$2)/(BT5+$B$2)>=0.75,"ತುಂಬಬಹುದು",
  IF((BS5+$B$2)/(BT5+$B$2)>=0.65,"ಮನ್ನಾ","ಅನರ್ಹ")))
```

BU ಗೆ ಎರಡು ದಶಾಂಶ ಇರಲೇಬೇಕು. 7ನೇ ಸಂಖ್ಯೆಯವರದು 74.63%. ದಶಾಂಶ ತೆಗೆದರೆ ಪರದೆಯಲ್ಲಿ 75% ಅಂತ ಕಾಣುತ್ತದೆ, ಪಕ್ಕದಲ್ಲಿ ಮಾತ್ರ ‘ತುಂಬಬಹುದು’ ಅಂತ ಇರುತ್ತದೆ. ಆಗ ಆ ಹುಡುಗಿ ಬಂದು ಕೇಳಿದರೆ ಏನು ಹೇಳೋದು? ನಿಯಮಕ್ಕೆ ಬೇಕಾಗಿರುವುದು ಪೂರ್ತಿ 75.

ಕೊರತೆ ಪಟ್ಟಿ

| ಕ್ರ.ಸಂ. | ಹಾಜರ್/ಒಟ್ಟು | % | ಇನ್ನು ಬೇಕು | ಸ್ಥಿತಿ |
|---|---|---|---|---|
| 7 | 50/67 | 74.63 | 11 | ತುಂಬಬಹುದು |
| 12 | 47/67 | 70.15 | 14 | ತುಂಬಬಹುದು |
| 19 | 44/67 | 65.67 | 17 | ಮನ್ನಾ |
| 23 | 41/67 | 61.19 | 20 | ಮನ್ನಾ |
| 31 | 36/67 | 53.73 | 25 | ಅನರ್ಹ |
| 38 | 38/51 | 74.51 | 11 | ತುಂಬಬಹುದು |

5ನೇ ಸಂಖ್ಯೆ ಈ ಪಟ್ಟಿಯಲ್ಲಿ ಇಲ್ಲ. ಆತ ಕೂತ ಕ್ಲಾಸ್ 46, ಕ್ರೀಡಾಕೂಟದ ಓಡಿ 6. ಸೇರಿದರೆ 77.61%. ಓಡಿ ಪತ್ರ ದೈಹಿಕ ಶಿಕ್ಷಣ ವಿಭಾಗದಿಂದ ಬಂದಿದೆ, ಕಡತದಲ್ಲಿದೆ.

ಒಬ್ಬೊಬ್ಬರ ಬಗ್ಗೆ

12: ಇನ್ನು ಒಂದೇ ಒಂದು ಕ್ಲಾಸ್ ತಪ್ಪಿದರೂ 75% ಸಿಗುವುದಿಲ್ಲ. 20 ಗೈರಿನಲ್ಲಿ 11 ಸೋಮವಾರವೇ ಬಿದ್ದಿವೆ. ಓದಿನಲ್ಲಿ ಚುರುಕು, ಟೆಸ್ಟ್ ಅಂಕ ಚೆನ್ನಾಗಿವೆ. ವಾರಾಂತ್ಯಕ್ಕೆ ಊರಿಗೆ ಹೋದವನು ಮೊದಲ ಪೀರಿಯಡ್‌ಗೆ ಬಂದು ತಲುಪುತ್ತಿಲ್ಲ. ನವೆಂಬರ್ 3, 10, 17 ಈ ಮೂರು ಸೋಮವಾರ ಬಂದರೆ ಸಾಕು ಅಂತಲ್ಲ, 14 ದಿನವೂ ಬರಬೇಕು ಅಂತ ಅವನಿಗೂ ಮನೆಯವರಿಗೂ ಹೇಳಬೇಕು. ಇವತ್ತೇ ಫೋನ್ ಮಾಡುತ್ತೇನೆ.

19: ಸೆಪ್ಟೆಂಬರ್‌ನಲ್ಲಿ ಟೈಫಾಯ್ಡ್, ಸತತ 16 ಗೈರು. ಆಸ್ಪತ್ರೆಯ ಡಿಸ್ಚಾರ್ಜ್ ಪತ್ರ, ವೈದ್ಯರ ಪ್ರಮಾಣಪತ್ರ ಎರಡೂ ಬಂದಿವೆ. ವೈದ್ಯಕೀಯ ಪತ್ರ ಕೊಟ್ಟ ಮಾತ್ರಕ್ಕೆ ಆ ದಿನಗಳು ಹಾಜರ್ ಆಗುವುದಿಲ್ಲ, ಅದು ಮನ್ನಾಕ್ಕೆ ಕಾರಣ ಅಷ್ಟೇ. ಎಲ್ಲ ಕ್ಲಾಸಿಗೆ ಬಂದರೂ 71.60% ದಾಟುವುದಿಲ್ಲ, ಹಾಗಾಗಿ ಅರ್ಜಿ ಈಗಲೇ ಹಾಕಿಸುವುದು ಒಳ್ಳೆಯದು. ಪ್ರಾಂಶುಪಾಲರಿಗೆ ನನ್ನ ಪೂರ್ಣ ಶಿಫಾರಸು ಇದೆ.

23: ಪಟ್ಟಿಯಲ್ಲಿ ‘ಮನ್ನಾ’ ಅಂತ ಇರುವುದು ಬಾಕಿ ಎಲ್ಲ ಕ್ಲಾಸಿಗೂ ಬಂದರೆ ಅನ್ನುವ ಲೆಕ್ಕದಲ್ಲಿ. ಇಂದಿನ ಲೆಕ್ಕದಲ್ಲಿ ಮನ್ನಾಕ್ಕೂ ಅರ್ಹರಲ್ಲ. 14ರಲ್ಲಿ 12ಕ್ಕೆ ಬಂದರೆ 53/81, ಅಂದರೆ 65.43%. ಆಮೇಲಷ್ಟೇ ಅರ್ಜಿಗೆ ದಾರಿ. ಈವರೆಗೆ ಯಾವ ದಾಖಲೆಯನ್ನೂ ಕೊಟ್ಟಿಲ್ಲ. ಗೈರಿಗೆ ಕಾರಣ ಕೇಳಿದರೆ ತಲೆ ತಗ್ಗಿಸುತ್ತಾರೆ. ಸಿಬ್ಬಂದಿ ಕೊಠಡಿಯಲ್ಲಿ ಎಲ್ಲರೆದುರು ಕೇಳುವುದು ಬೇಡ, ಒಬ್ಬರೇ ಇದ್ದಾಗ ಮಾತಾಡಬೇಕು.

31: ಎಲ್ಲಕ್ಕೂ ಬಂದರೂ 61.73%. ಈ ಸೆಮಿಸ್ಟರ್‌ಗೆ ದಾರಿ ಇಲ್ಲ. ಆದರೂ ಹೆಸರು ತೆಗೆಯದೆ ದಿನವೂ ಗುರುತು ಹಾಕಿ. ಪೋಷಕರಿಗೆ ನೋಂದಾಯಿತ ಅಂಚೆಯಲ್ಲಿ ಪತ್ರ ಹೋಗಬೇಕು.

38: ತಡವಾಗಿ ಪ್ರವೇಶ. ಮೊದಲ 16 ಕ್ಲಾಸ್ ಖಾಲಿ, ಪ್ರವೇಶ ಆದೇಶದ ಪ್ರತಿ ಲಗತ್ತಿಸಿದೆ. 14ರಲ್ಲಿ ಮೂರು ತಪ್ಪಿದರೂ ನಡೆಯುತ್ತದೆ. 7ಕ್ಕೂ ಅಷ್ಟೇ.

ಪಟ್ಟಿಯನ್ನು 3-11-2025ರ ಬೆಳಿಗ್ಗೆ ಫಲಕಕ್ಕೆ ಹಾಕುವುದು, ಕ್ರಮಸಂಖ್ಯೆ ಮಾತ್ರ, ಹೆಸರೂ ಬೇಡ, ಕಾಯಿಲೆಯ ವಿವರವೂ ಬೇಡ. ಗುರುತಿನಲ್ಲಿ ತಪ್ಪಿದೆ ಅನ್ನುವವರು 7-11-2025ರೊಳಗೆ ಬಂದು ತಮ್ಮ ಸಾಲನ್ನು ನನ್ನೆದುರೇ ನೋಡಿಕೊಳ್ಳಲಿ. ಪರಿಷ್ಕೃತ ಪಟ್ಟಿ 10-11-2025ಕ್ಕೆ.

ತರಗತಿ ಶಿಕ್ಷಕಿ, ಗಣಿತ ವಿಭಾಗ